ಸಾವಿರ ಉಳಿಸಿ ಹನ್ನೆರಡು ಸಾವಿರ ಕಟ್ಟಿದ ಲೆಕ್ಕ

ಮೊಬೈಲ್ ಅಂಗಡಿಯಲ್ಲಿ ಯಾರೂ ‘ಸಾಲ’ ಎಂಬ ಪದ ಬಳಸುವುದಿಲ್ಲ. ‘ಇಎಂಐ ಮಾಡಿಸ್ಕೊಳ್ಳಿ ಸರ್, ಬಡ್ಡಿ ಇಲ್ಲ’ ಎನ್ನುತ್ತಾರೆ. ಆಧಾರ್, ಪ್ಯಾನ್ ಕೊಟ್ಟು, ಒಟಿಪಿ ಹೇಳಿ, ಹತ್ತು ನಿಮಿಷದಲ್ಲಿ ಫೋನ್ ಹಿಡಿದು ಹೊರಬರುವ ಹುಡುಗನಿಗೆ ತಾನು ಈಗಷ್ಟೇ ಒಂದು ಹಣಕಾಸು ಕಂಪನಿಯ ಸಾಲಗಾರನಾದೆ ಎಂಬುದು ಹೊಳೆಯುವುದೇ ಇಲ್ಲ. ನನ್ನ ತಕರಾರು ಇರುವುದು ಅಲ್ಲೇ. ಪ್ಯಾನ್ ಯಾಕೆ ಕೇಳಿದರು ಎಂದು ಅಂಗಡಿಯವರು ಒಂದು ಮಾತು ಹೇಳಿದ್ದರೆ ನಮ್ಮಲ್ಲಿ ಎಷ್ಟೋ ಜನ ಆ ಕಂತನ್ನು ಬೇರೆ ರೀತಿಯಲ್ಲೇ ನೋಡುತ್ತಿದ್ದರು.

ಆ ಪ್ಯಾನ್ ಸಂಖ್ಯೆಯ ಜೊತೆಗೆ ನಮ್ಮ ಸಾಲದ ವಿವರ ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ಹೋಗುತ್ತದೆ. ನಮ್ಮ ದೇಶದಲ್ಲಿ ಇಂಥವು ನಾಲ್ಕಿವೆ: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್. ಸಿಬಿಲ್ ಹಳೆಯದಾದ್ದರಿಂದ ಎಲ್ಲರ ಬಾಯಲ್ಲೂ ‘ಸಿಬಿಲ್ ಸ್ಕೋರ್’ ಎಂದೇ ನಿಂತುಬಿಟ್ಟಿದೆ. 300ರಿಂದ 900ರವರೆಗಿನ ಈ ಅಂಕಿಯಲ್ಲಿ ನಮ್ಮ ಸಂಬಳವಿಲ್ಲ, ಪರೀಕ್ಷೆಯ ಅಂಕಗಳಿಲ್ಲ, ಉಳಿತಾಯ ಖಾತೆಯಲ್ಲಿರುವ ದುಡ್ಡೂ ಇಲ್ಲ. ಅದರ ಪೂರ್ತಿ ಸೂತ್ರವನ್ನು ಯಾರೂ ಬಹಿರಂಗ ಮಾಡಿಲ್ಲ. ಆದರೆ ಹೆಚ್ಚು ತೂಕ ಬೀಳುವುದು ಒಂದೇ ಪ್ರಶ್ನೆಗೆ: ಕಟ್ಟಬೇಕಾದ ತಾರೀಖಿನಂದು ಕಟ್ಟಿದೆಯಾ?

ವರದಿ ತೆರೆದರೆ ಪ್ರತಿ ಸಾಲದ ಕೆಳಗೂ ತಿಂಗಳಿಗೊಂದರಂತೆ ಚೌಕಗಳಿರುತ್ತವೆ. ಸರಿಯಾಗಿ ಕಟ್ಟಿದ ತಿಂಗಳಲ್ಲಿ 000 ಎಂದಿರುತ್ತದೆ. ಮೂವತ್ತು ದಿನ ತಡವಾಗಿದ್ದರೆ 030, ಅರವತ್ತು ದಿನವಾಗಿದ್ದರೆ 060. ಹೀಗೆ ಮೂರು ವರ್ಷದ ಚೌಕಗಳು ಸಾಲಾಗಿ ಕಾಣುತ್ತವೆ. ಬಾಕಿ ಎರಡು ಸಾವಿರವೋ ಎರಡು ಲಕ್ಷವೋ ಎಂಬುದನ್ನು ಆ ಚೌಕ ಹೇಳುವುದಿಲ್ಲ.

ನನ್ನ ಹಾಸ್ಟೆಲ್ ಗೆಳೆಯನೊಬ್ಬ ಅಂತಿಮ ವರ್ಷದಲ್ಲಿ 12,000 ರೂಪಾಯಿಯ ಫೋನ್ ತೆಗೆದುಕೊಂಡ. ತಿಂಗಳಿಗೆ 2,000ದಂತೆ ಆರು ಕಂತು. ನಾಲ್ಕು ಕಂತು ಸಲೀಸಾಗಿ ಹೋದವು. ಅಷ್ಟರಲ್ಲಿ ಪರೀಕ್ಷೆ ಮುಗಿದು ಊರಿಗೆ ಹೋದ, ಸಿಮ್ ಬದಲಿಸಿದ. ಐದನೆಯ ಕಂತಿನ ದಿನ ಅವನ ಖಾತೆಯಲ್ಲಿದ್ದದ್ದು 1,840 ರೂಪಾಯಿ. ನೂರರವತ್ತು ರೂಪಾಯಿ ಕಡಿಮೆ! ಆಟೋ ಡೆಬಿಟ್ ಬೌನ್ಸ್ ಆಯಿತು. ಬ್ಯಾಂಕು ಒಂದು ದಂಡ ಹಾಕಿತು, ಸಾಲ ಕೊಟ್ಟ ಕಂಪನಿ ಇನ್ನೊಂದು ಹಾಕಿತು. ಮುಂದಿನ ತಿಂಗಳೂ ಅದೇ ಕಥೆ. ಎಚ್ಚರಿಕೆಯ ಸಂದೇಶಗಳೆಲ್ಲ ಹಳೆಯ ನಂಬರಿಗೆ ಹೋಗುತ್ತಿದ್ದವು.

ಎಂಟು ತಿಂಗಳ ನಂತರ ವಸೂಲಿ ಏಜೆಂಟ್ ಹೇಗೋ ಅವನ ಹೊಸ ನಂಬರ್ ಹುಡುಕಿ ಕರೆ ಮಾಡಿದ. ‘ನಾಲ್ಕು ಸಾವಿರ ಬಾಕಿ, ದಂಡ ಬೇರೆ. ಮೂರು ಸಾವಿರ ಕೊಟ್ಟುಬಿಡಿ, ಸೆಟಲ್ ಮಾಡಿಸ್ತೀನಿ’ ಎಂದ. ಸಾವಿರ ರೂಪಾಯಿ ಉಳಿಯಿತಲ್ಲ ಎಂದು ಗೆಳೆಯ ಖುಷಿಯಿಂದಲೇ ಕಟ್ಟಿದ. ವರದಿಯಲ್ಲಿ ಆ ಸಾಲದ ಎದುರು ‘ಕ್ಲೋಸ್ಡ್’ ಎಂದು ಬರಲಿಲ್ಲ, ‘ಸೆಟಲ್ಡ್’ ಎಂದು ಬಂತು. ಊರಿನ ಮಾತಿನಲ್ಲಿ ಸೆಟಲ್ ಆಯಿತು ಎಂದರೆ ವ್ಯವಹಾರ ಮುಗಿಯಿತು ಎಂದರ್ಥ. ಸಾಲ ಕೊಡುವವರ ಭಾಷೆಯಲ್ಲಿ, ಇವನು ಪೂರ್ತಿ ಕಟ್ಟಲಿಲ್ಲ, ನಾವೇ ಬಿಟ್ಟುಕೊಟ್ಟೆವು ಎಂದರ್ಥ. ಇಂಥ ಮಾಹಿತಿಯನ್ನು ಕ್ರೆಡಿಟ್ ಕಂಪನಿಗಳು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕು ಎಂಬುದು ನಿಯಮ.

ಕೆಲಸ ಸಿಕ್ಕಿದ ಮೇಲೆ ಅವನಿಗೆ ಬೈಕ್ ಬೇಕಾಯಿತು. ಬ್ಯಾಂಕಿನವರು ವರದಿ ನೋಡಿ ಕೈಯಾಡಿಸಿಬಿಟ್ಟರು. ಇನ್ನೊಂದು ಕಡೆ ಒಂದು ಲಕ್ಷ ಸಿಕ್ಕಿತು, ಮೂರು ವರ್ಷಕ್ಕೆ, ಶೇ 18ರ ಬಡ್ಡಿಗೆ. ಕಂತು 3,615 ರೂಪಾಯಿ. ಅದೇ ಕಚೇರಿಯ ಸಹೋದ್ಯೋಗಿಗೆ ಬ್ಯಾಂಕು ಶೇ 11ಕ್ಕೆ ಕೊಟ್ಟಿತ್ತು. ಅವನ ಕಂತು 3,274. ತಿಂಗಳಿಗೆ 341 ರೂಪಾಯಿ ದೊಡ್ಡ ವಿಷಯವಲ್ಲ ಎನಿಸುತ್ತದೆ. ಮೂವತ್ತಾರು ತಿಂಗಳಿಗೆ ಗುಣಿಸಿದರೆ 12,000ಕ್ಕೂ ಹೆಚ್ಚು. ಆ ಫೋನಿನ ಬೆಲೆಯನ್ನು ಅವನು ಎರಡನೇ ಸಲ ಕಟ್ಟಿದಂತಾಯಿತು.

ಬೈಕ್ ಸಾಲ ಸಣ್ಣದು. ಮನೆ ಸಾಲಕ್ಕೆ ಬಂದಾಗ ಲೆಕ್ಕ ಬೇರೆಯೇ ಆಗುತ್ತದೆ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಚರ ಬಡ್ಡಿಯ ಹೊಸ ಮನೆ ಸಾಲಗಳನ್ನು ರೆಪೊ ದರದಂಥ ಹೊರಗಿನ ಮಾನದಂಡಕ್ಕೆ ಜೋಡಿಸಬೇಕಾಗಿದೆ. ಆ ದರ ಎಲ್ಲರಿಗೂ ಒಂದೇ. ಅದರ ಮೇಲೆ ಬ್ಯಾಂಕು ತನ್ನ ಲಾಭಾಂಶ ಸೇರಿಸುತ್ತದೆ, ಆಮೇಲೆ ಈ ಮನುಷ್ಯ ಕೈಕೊಡುವ ಸಾಧ್ಯತೆ ಎಷ್ಟು ಎಂದು ಅಳೆದು ಇನ್ನೊಂದಿಷ್ಟು ಸೇರಿಸುತ್ತದೆ. ಸ್ಕೋರ್ ಕೆಲಸ ಮಾಡುವುದು ಈ ಕೊನೆಯ ತುಂಡಿನಲ್ಲಿ. 30 ಲಕ್ಷ ರೂಪಾಯಿಗೆ ಇಪ್ಪತ್ತು ವರ್ಷದ ಸಾಲ ಎಂದುಕೊಳ್ಳಿ. ಶೇ 8.5ರಲ್ಲಿ ಕಂತು ಸುಮಾರು 26,035, ಶೇ 9.5ರಲ್ಲಿ 27,964. ದರ ಉದ್ದಕ್ಕೂ ಹಾಗೇ ಇದ್ದರೆ ಒಟ್ಟು ವ್ಯತ್ಯಾಸ ಸುಮಾರು 4.63 ಲಕ್ಷ. ಮನೆ ಅದೇ, ಸಾಲವೂ ಅಷ್ಟೇ.

ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರು ಇನ್ನೊಂದು ಗಮನಿಸಬೇಕು. ಈಚಿನ ನೇಮಕಾತಿ ಅಧಿಸೂಚನೆಗಳಲ್ಲಿ ಅಭ್ಯರ್ಥಿಯ ಕ್ರೆಡಿಟ್ ಇತಿಹಾಸ ಸರಿಯಿರಬೇಕೆಂಬ ಷರತ್ತು ಸೇರಿಕೊಂಡಿದೆ. ಕೆಲಸವಿಲ್ಲದ್ದರಿಂದ ಕಂತು ತಪ್ಪಿತು, ಕಂತು ತಪ್ಪಿದ್ದರಿಂದ ಕೆಲಸ ತಪ್ಪಿತು ಎಂಬ ಸ್ಥಿತಿ ನನಗಂತೂ ನ್ಯಾಯವೆನಿಸುವುದಿಲ್ಲ. ಆದರೂ ಅಧಿಸೂಚನೆಯ ಆ ಪುಟವನ್ನು ಅರ್ಜಿ ಹಾಕುವ ಮೊದಲೇ ಓದುವುದು ವಾಸಿ.

ಹಾಗಾದರೆ ಸಾಲದ ತಂಟೆಗೇ ಹೋಗದಿದ್ದರೆ ಸ್ಕೋರ್ 900 ಇರುತ್ತದೆಯೇ? ಇಲ್ಲ. ಇತಿಹಾಸವೇ ಇಲ್ಲದವರಿಗೆ ಅಂಕಿಯೇ ಬರುವುದಿಲ್ಲ. ಇತಿಹಾಸ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಸಾಲದ ಅರ್ಜಿಯನ್ನು ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ, ಅಷ್ಟು ಸಮಾಧಾನ. ಕಟ್ಟಲು ದಾರಿಯಿದ್ದರೆ ಒಂದು ಸಣ್ಣ ಸಾಲ ತೆಗೆದು ತಪ್ಪದೆ ತೀರಿಸಿದರೂ ಇತಿಹಾಸ ಶುರುವಾಗುತ್ತದೆ. ಕ್ರೆಡಿಟ್ ಕಾರ್ಡ್ ಆದರೆ ಮಿತಿಯ ಎಷ್ಟು ಪಾಲು ಬಳಸುತ್ತೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. 20,000 ಮಿತಿಯ ಕಾರ್ಡಿನಲ್ಲಿ ಪ್ರತಿ ತಿಂಗಳೂ 18,000 ಉಜ್ಜುವವನು ಬಿಲ್ ಪೂರ್ತಿ ಕಟ್ಟಿದರೂ ದುಡ್ಡಿಗೆ ಪರದಾಡುವವನಂತೆ ಕಾಣುತ್ತಾನೆ. ಮೂರನೇ ಒಂದು ಭಾಗದೊಳಗೆ ಬಳಸಿದರೆ ಸಾಕು ಎಂಬುದು ರೂಢಿಯ ಮಾತು.

ಶಿಕ್ಷಣ ಸಾಲ ಇದ್ದವರ ವಿಷಯದಲ್ಲಿ ಅಪ್ಪನೋ ಅಮ್ಮನೋ ಸಹ-ಸಾಲಗಾರರಾಗಿ ಸಹಿ ಹಾಕಿರುತ್ತಾರೆ. ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತಿನ ರಜೆ ಇರುತ್ತದೆ. ರಜೆ ಮುಗಿದ ಮೇಲೆ ನಾವು ತಪ್ಪಿಸಿದ ಒಂದೊಂದು ತಿಂಗಳೂ ಅವರ ವರದಿಯಲ್ಲೂ ಕಾಣಿಸಿಕೊಳ್ಳುತ್ತದೆ. ತಂಗಿಯ ಓದಿಗೆಂದು ಅಪ್ಪ ಮತ್ತೆ ಬ್ಯಾಂಕಿಗೆ ಹೋದಾಗ ಮ್ಯಾನೇಜರ್ ಮೊದಲು ನೋಡುವುದು ಅದನ್ನೇ. ಕೆಲಸ ಸಿಗದಿದ್ದರೆ ಕಂತಿನ ದಿನ ಬರುವ ಮೊದಲೇ ಶಾಖೆಗೆ ಹೋಗಿ ಅವಧಿ ವಿಸ್ತರಿಸಲು ಬರವಣಿಗೆಯಲ್ಲಿ ಕೇಳಬೇಕು. ಬಾಕಿ ಬಿದ್ದ ಮೇಲೆ ಕೇಳಿದರೆ 030 ಆಗಲೇ ಬಿದ್ದಿರುತ್ತದೆ.

ಗೆಳೆಯ ಕೊನೆಗೆ ಉಳಿದ ಸಾವಿರವನ್ನೂ ದಂಡವನ್ನೂ ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ಪಡೆದು, ‘ಸೆಟಲ್ಡ್’ ಅನ್ನು ‘ಕ್ಲೋಸ್ಡ್’ ಮಾಡಿಸಿಕೊಂಡ. ತಡವಾದ ತಿಂಗಳುಗಳ ಅಂಕಿ ಮಾತ್ರ ಹಾಗೇ ಇವೆ. ಬೈಕಿನ ಕಂತುಗಳ 000 ಅವುಗಳ ಪಕ್ಕದಲ್ಲಿ ಒಂದೊಂದಾಗಿ ಸೇರುತ್ತಿದೆ.

ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ನಮ್ಮ ವರದಿ ನಾವು ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಒಂದೇ ವಾರದಲ್ಲಿ ಐದು ಆ್ಯಪ್‌ಗಳಲ್ಲಿ ಸಾಲಕ್ಕೆ ಅರ್ಜಿ ಹಾಕಿದರೆ ಇಳಿಯಬಹುದು. ನಾವು ತೆಗೆದೇ ಇಲ್ಲದ ಸಾಲ ಅಥವಾ ತೀರಿದ್ದರೂ ಬಾಕಿ ಎಂದು ತೋರಿಸುವ ಸಾಲ ಕಂಡರೆ ಅದೇ ಜಾಲತಾಣದಲ್ಲಿ ದೂರು ಕೊಡಬಹುದು. ಮೂವತ್ತು ದಿನದಲ್ಲಿ ಇತ್ಯರ್ಥವಾಗದಿದ್ದರೆ ಆಮೇಲಿನ ಒಂದೊಂದು ದಿನಕ್ಕೂ ನೂರು ರೂಪಾಯಿ ಪರಿಹಾರ ಅವರೇ ನಮಗೆ ಕೊಡಬೇಕು.