ತುಟಿಯ ಬಣ್ಣ ಅಳಿಸುವ ‘ಸಹಜತೆ’

ನ್ಯೂಜೆರ್ಸಿಯ ಕ್ಲಾರ್ಕ್‌ನಲ್ಲಿ ಸಂಶೋಧನಾಲಯವಿರುವ ಲೋರಿಯಾಲ್, 2018ರಲ್ಲಿ ಟೊರೊಂಟೊದ ಮೋಡಿಫೇಸ್ ಕಂಪನಿಯನ್ನು ಕೊಂಡಿತು. ಸೆಲ್ಫಿಯ ಮೇಲೆ ಲಿಪ್‌ಸ್ಟಿಕ್ ಹಚ್ಚಿ ನೋಡುವುದು ಈಗ ನಮ್ಮ ಎಡಿಸನ್ನಿನ ಹೆಣ್ಣುಮಕ್ಕಳಿಗೂ ಮಾಮೂಲು. ತುಟಿಯ ಗೆರೆ, ಹೊಳಪು, ನೆರಳು ಹಾಗೇ ಉಳಿಸಿ ಬಣ್ಣವನ್ನಷ್ಟೇ ಬದಲಿಸಿದರೆ ಚಿತ್ರ ಸಹಜವಾಗಿ ಕಾಣುತ್ತದೆ, ಒಪ್ಪಿದೆ. ಆದರೆ ಸಹಜವಾಗಿ ಕಂಡದ್ದೆಲ್ಲ ನಿಜವಲ್ಲ. ತೆಳುವಾಗಿ ಹಚ್ಚಿದ ಲಿಪ್‌ಸ್ಟಿಕ್ ಅರೆಪಾರದರ್ಶಕ. ನಮ್ಮ ಕಂದು ತುಟಿ ಅದರಡಿಯಿಂದ ಇಣುಕುತ್ತದೆ. ಪರದೆಯಲ್ಲಿ ಅರಳಿದ ತಿಳಿಗುಲಾಬಿ ತುಟಿಗೆ ಬಂದಾಗ ಮಂಕಾಗುವುದು ಇದಕ್ಕೇ. ದೋಷ ತುಟಿಯದಲ್ಲ, ಲೆಕ್ಕದ್ದು. ಪರೀಕ್ಷೆ ಸುಲಭ: ಒಂದೇ ಬೆಳಕಿನಲ್ಲಿ ತಿಳಿ ತುಟಿಯ ಗೆಳತಿಯ ಸೆಲ್ಫಿಗೂ ನಿಮ್ಮದಕ್ಕೂ ಅದೇ ತೆಳು ಶೇಡ್ ಹಚ್ಚಿ. ಎರಡೂ ಒಂದೇ ಗುಲಾಬಿಯಾಗಿ ಕಂಡರೆ, ಆ ಆ್ಯಪ್ ನಿಮ್ಮ ತುಟಿಗೆ ಬಣ್ಣ ಹಚ್ಚಿಲ್ಲ. ನಿಮ್ಮ ತುಟಿಯ ಬಣ್ಣವನ್ನೇ ಅಳಿಸಿದೆ.