ಮೈಬಣ್ಣವನ್ನು ಅಳೆಯಲು ಜನಾಂಗದ ಚೌಕ ಸಾಲದು

ಅಮೆರಿಕದ ಆಸ್ಪತ್ರೆಗಳು ಹೊಸ ರೋಗಿಯಿಂದ ತುಂಬಿಸಿಕೊಳ್ಳುವ ನಮೂನೆಯಲ್ಲಿ ಜನಾಂಗವನ್ನು ಸೂಚಿಸುವ ಚೌಕಗಳಿರುತ್ತವೆ. ಫ್ರೀಮಾಂಟಿನಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದರ ಎಣ್ಣೆಗೆಂಪು ಬಣ್ಣದ ತಾಯಿ, ಎಣ್ಣೆಗಪ್ಪು ಬಣ್ಣದ ಮಗ, ಅವರ ನೆರೆಮನೆಯ ಕೊರಿಯನ್ ಅಜ್ಜಿ, ಈ ಮೂವರೂ ‘ಏಷ್ಯನ್’ ಎಂಬ ಒಂದೇ ಚೌಕದಲ್ಲಿ ಸೇರಿಬಿಡುತ್ತಾರೆ. ಚರ್ಮದ ಬಣ್ಣವೇ ಚಿಕಿತ್ಸೆಯ ನಿರ್ಧಾರವನ್ನು ತಿರುಗಿಸಬಹುದಾದ ಸಂದರ್ಭದಲ್ಲಿ ಈ ಚೌಕ ಏನನ್ನೂ ಹೇಳುವುದಿಲ್ಲ. ಏಕೆಂದರೆ ಬಣ್ಣವನ್ನು ಉಂಟುಮಾಡುವ ಕ್ರಿಯೆಗೆ ಜನಾಂಗದ ಗಡಿಗಳೇ ಇಲ್ಲ.

ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುವ ಮೆಲನೊಸೈಟ್ ಕೋಶಗಳ ಸಂಖ್ಯೆ ಕಪ್ಪು ಚರ್ಮದಲ್ಲಿಯೂ ಬಿಳಿ ಚರ್ಮದಲ್ಲಿಯೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಅವು ಏನನ್ನು, ಎಷ್ಟು ತಯಾರಿಸುತ್ತವೆ ಎಂಬುದರಲ್ಲಿ. ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ಟೈರೋಸಿನೇಸ್ ಕಿಣ್ವವು ಮಾರ್ಪಡಿಸುವಾಗ ದಾರಿ ಎರಡಾಗಿ ಕವಲೊಡೆಯುತ್ತದೆ: ಸಿಸ್ಟೀನ್ ಜೊತೆಗೂಡಿದರೆ ಕೆಂಪು-ಹಳದಿಯ ಫಿಯೋಮೆಲನಿನ್, ಇಲ್ಲವಾದರೆ ಕಂದು-ಕಪ್ಪಿನ ಯೂಮೆಲನಿನ್. ಹೀಗೆ ಸಿದ್ಧವಾದ ದ್ರವ್ಯವು ಮೆಲನೊಸೋಮ್ ಎಂಬ ಸೂಕ್ಷ್ಮ ಚೀಲಗಳಲ್ಲಿ ತುಂಬಿ ಸುತ್ತಲಿನ ಚರ್ಮಕೋಶಗಳಿಗೆ ರವಾನೆಯಾಗುತ್ತದೆ. ಗಾಢ ಚರ್ಮದಲ್ಲಿ ಈ ಚೀಲಗಳು ದೊಡ್ಡವು. ಬಿಡಿಬಿಡಿಯಾಗಿ ಹರಡಿಕೊಂಡು ಮೇಲಿನ ಪದರದವರೆಗೂ ಉಳಿಯುತ್ತವೆ. ತಿಳಿ ಚರ್ಮದಲ್ಲಿ ಅವು ಚಿಕ್ಕವು. ಗುಂಪುಗೂಡಿರುತ್ತವೆ, ಮೇಲೇರುವಷ್ಟರಲ್ಲಿ ಬಹುಪಾಲು ಕರಗಿಹೋಗಿರುತ್ತವೆ. ಮೆಲನಿನ್ನಿನ ಬಗೆ, ಪ್ರಮಾಣ, ಹಂಚಿಕೆ, ಈ ಮೂರೂ ಸೇರಿ ಅಳತೆಗೋಲಿನಂತೆ ಕ್ರಮವಾಗಿ ಏರುತ್ತ ಹೋಗುವ ಬಣ್ಣಗಳನ್ನು ಕೊಡುತ್ತವೆ. ಆ ಏರಿಕೆಯಲ್ಲಿ ಎಲ್ಲಿಯೂ ಗೆರೆಯಿಲ್ಲ.

ಒಂದೇ ಮನೆಯ ತಾಯಿ-ಮಗನ ನಡುವಿನ ಅಂತರಕ್ಕೂ ಕಾರಣ ಇಲ್ಲಿದೆ. ಬಣ್ಣವನ್ನು ನಿರ್ಧರಿಸುವಲ್ಲಿ ಅನೇಕ ಜೀನ್‌ಗಳ ಪಾಲಿದೆ. ಅವುಗಳಲ್ಲಿ ಎಸ್‌ಎಲ್‌ಸಿ24ಎ5 ಎಂಬ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಮೆಲನಿನ್ ಕಡಿಮೆಯಾಗುತ್ತದೆ. ಯುರೋಪಿನಲ್ಲಿ ಬಹುತೇಕ ಎಲ್ಲರಲ್ಲಿರುವ ಈ ಬದಲಾವಣೆ ದಕ್ಷಿಣ ಭಾರತದಲ್ಲಿ ಕೆಲವರಲ್ಲಿದೆ, ಕೆಲವರಲ್ಲಿಲ್ಲ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಪಾಲ್ಗೊಂಡು 2013ರಲ್ಲಿ ಪ್ರಕಟವಾದ ಅಧ್ಯಯನವು, ಎರಡೂ ಕಡೆಯ ಈ ರೂಪಕ್ಕೆ ಮೂಲ ಒಂದೇ ಎಂದು ತೋರಿಸಿತು.

ಗಾಢ ಚರ್ಮವು ಸಾಧನವೊಂದನ್ನು ಹೇಗೆ ತಪ್ಪುದಾರಿಗೆಳೆಯಬಲ್ಲದು ಎಂಬುದು ಸ್ಪಷ್ಟವಾಗಿ ಕಂಡದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಬೆರಳ ತುದಿಗೆ ಕಚ್ಚಿಸುವ ಪಲ್ಸ್ ಆಕ್ಸಿಮೀಟರ್ ಕೆಂಪು ಮತ್ತು ಅವಕೆಂಪು ಬೆಳಕನ್ನು ಹಾಯಿಸಿ, ರಕ್ತದಲ್ಲಿನ ಆಮ್ಲಜನಕದ ಪ್ರಮಾಣವನ್ನು ಊಹಿಸುತ್ತದೆ. ನಾಡಿಯೊಂದಿಗೆ ಮಿಡಿಯುವ ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ, ಮಿಡಿಯದ ಮೆಲನಿನ್ ಲೆಕ್ಕದಿಂದ ಹೊರಗುಳಿಯಬೇಕು. ಆದರೆ ಮೆಲನಿನ್ ಅವಕೆಂಪಿಗಿಂತ ಕೆಂಪನ್ನು ಹೆಚ್ಚು ಹೀರುತ್ತದೆ. ಸಂಕೇತವು ದುರ್ಬಲವಾಗುತ್ತದೆ, ರಕ್ತವನ್ನು ತಲುಪುವ ಬೆಳಕಿನ ಗುಣವೇ ತುಸು ಬದಲಾಗುತ್ತದೆ. ಮೇಲಾಗಿ, ಯಂತ್ರದ ಲೆಕ್ಕವನ್ನು ಹೊಂದಿಸುವುದು ಸ್ವಯಂಸೇವಕರ ಮೇಲಿನ ಪ್ರಯೋಗಗಳಿಂದ. ಅವರಲ್ಲಿ ಹೆಚ್ಚಿನವರು ತಿಳಿ ಚರ್ಮದವರಾದರೆ ದೋಷವು ಯಂತ್ರದಲ್ಲಿಯೇ ಉಳಿದುಬಿಡುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಶಾಖೆಯ ಬಿಕ್ಲರ್, ಫೈನರ್ ಮತ್ತು ಸೆವರಿಂಗ್‌ಹೌಸ್ 2005ರಲ್ಲಿ ಗಾಢ ಚರ್ಮದ 11 ಮಂದಿಯನ್ನೂ ತಿಳಿ ಚರ್ಮದ 10 ಮಂದಿಯನ್ನೂ ಪರೀಕ್ಷಿಸಿದರು. ಆಮ್ಲಜನಕ ಕುಸಿದಷ್ಟೂ ಗಾಢ ಚರ್ಮದವರಲ್ಲಿ ಯಂತ್ರವು ನಿಜಕ್ಕಿಂತ ಹೆಚ್ಚಿನ ಅಂಕಿಯನ್ನು ತೋರಿಸಿತು. ಅಪಾಯ ಹೆಚ್ಚಿದಾಗಲೇ ಯಂತ್ರ ಹೆಚ್ಚು ಸಮಾಧಾನ ಹೇಳಿತು.

ಹದಿನೈದು ವರ್ಷಗಳ ತರುವಾಯ, ಕೋವಿಡ್ ಕಾಲದಲ್ಲಿ, ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ಆಸ್ಪತ್ರೆಯ ದಾಖಲೆಗಳನ್ನು ಪರಿಶೀಲಿಸಿದರು. ಯಂತ್ರವು ಶೇಕಡಾ 92ರಿಂದ 96 ತೋರಿಸುತ್ತಿದ್ದಾಗ, ಅಪಧಮನಿಯ ರಕ್ತಪರೀಕ್ಷೆಯಲ್ಲಿ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಕಪ್ಪು ರೋಗಿಗಳಲ್ಲಿ ಶೇಕಡಾ 11.7, ಬಿಳಿಯರಲ್ಲಿ 3.6. ಈ ಅಧ್ಯಯನ ಜಗತ್ತನ್ನು ಎಚ್ಚರಿಸಿತು, ಆದರೆ ಅದು ಚರ್ಮವನ್ನು ಅಳೆದಿರಲಿಲ್ಲ. ಚೌಕದ ಗುರುತನ್ನು ಓದಿತ್ತು. ಆ ಲೆಕ್ಕದಲ್ಲಿ ಫ್ರೀಮಾಂಟಿನ ಎಣ್ಣೆಗಪ್ಪು ಹುಡುಗನಿಗೆ ಸ್ಥಾನವಿಲ್ಲ.

ಜನಾಂಗದ ಚೌಕವನ್ನು ಅಳಿಸಿಹಾಕಬೇಕೆಂಬುದು ಇದರ ಅರ್ಥವಲ್ಲ. ಯಾರಿಗೆ ಹಾಸಿಗೆ ಸಿಕ್ಕಿತು, ಯಾರ ದೂರನ್ನು ವೈದ್ಯರು ಕಿವಿಗೊಟ್ಟು ಕೇಳಲಿಲ್ಲ ಎಂಬ ತಾರತಮ್ಯವನ್ನು ಪತ್ತೆಹಚ್ಚಲು ಅದು ಬೇಕು. ಆದರೆ ಬೆಳಕನ್ನು ಹೀರುವುದು ಮೆಲನಿನ್, ಗುರುತಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ 2013ರ ಮಾರ್ಗಸೂಚಿಗೆ ಕನಿಷ್ಠ ಹತ್ತು ಮಂದಿಯಲ್ಲಿ ಇಬ್ಬರು ಗಾಢ ಚರ್ಮದವರಿದ್ದರೆ ಸಾಕಾಗಿತ್ತು. 2025ರ ಜನವರಿಯ ಕರಡು ಚರ್ಮವರ್ಣವನ್ನು ಉಪಕರಣದಿಂದಲೇ ಅಳೆದು, ತಿಳಿಯಿಂದ ಗಾಢದವರೆಗಿನ ಎಲ್ಲ ಮಟ್ಟದವರನ್ನೂ ಪರೀಕ್ಷೆಗೆ ಸೇರಿಸಬೇಕೆನ್ನುತ್ತದೆ. ಇದು ಸರಿಯಾದ ದಿಕ್ಕು. ಕರಡು ನಿಯಮವಾಗುವಂತೆ ಒತ್ತಾಯಿಸುವುದು ವಲಸಿಗ ಸಮುದಾಯಗಳ ಕೆಲಸವೂ ಹೌದು.

ಅಲ್ಲಿಯವರೆಗೆ ಕಪ್ಪು ಮೈಬಣ್ಣದ ಅಪ್ಪನೋ ಅಜ್ಜಿಯೋ ಏದುಸಿರು ಬಿಡುತ್ತಿರುವಾಗ ಯಂತ್ರ 94 ತೋರಿಸಿದರೆ, ಮನೆಯವರು ನಂಬಬೇಕಾದದ್ದು ಉಸಿರನ್ನು. ಆ ಅಂಕಿಯೊಂದನ್ನೇ ಮುಂದಿಟ್ಟು ಮನೆಗೆ ಕಳಿಸಲು ಹೊರಟ ವೈದ್ಯರನ್ನು ಅಪಧಮನಿಯ ರಕ್ತಪರೀಕ್ಷೆ ಅಗತ್ಯವೇ ಎಂದು ಕೇಳುವುದು ಉದ್ಧಟತನವಲ್ಲ.