ದರ ಯಾಕೆ ಇಳಿಯಿತು, ಯಾರ ದುಡ್ಡಿಗೆ ಇಳಿಯಿತು?

ಶನಿವಾರ ಬಂತೆಂದರೆ ಇಂಗ್ಲೆಂಡಿನಲ್ಲಿರುವ ನಮ್ಮವರಲ್ಲಿ ಕೆಲವರು ಫುಟ್‌ಬಾಲ್ ಮೇಲೆ ಹತ್ತು ಪೌಂಡ್ ಕಟ್ಟುತ್ತಾರೆ. ಕಟ್ಟಿ ಅಂತ ನಾವು ಹೇಳೋದಿಲ್ಲ. ಆದರೆ ಕಟ್ಟುವವರಿಗೆ ದರ ಓದೋಕೆ ಬರಬೇಕು.

ಒಂದು ಪಂದ್ಯದಲ್ಲಿ ಮೂರು ಅಥವಾ ಹೆಚ್ಚು ಗೋಲು ಆಗುತ್ತಾ, ಇಲ್ಲವಾ ಎಂಬ ಬೆಟ್ ತಗೊಳ್ಳಿ. ಒಬ್ಬ ಬುಕ್ಕಿ ಎರಡೂ ಕಡೆಗೆ 1.91 ದರ ಕೊಡುತ್ತಾನೆ. ಅಂದರೆ ಗೆದ್ದರೆ ನಿಮ್ಮ ಹತ್ತು ಪೌಂಡೂ ಸೇರಿ 19.10 ಕೈಗೆ ಬರುತ್ತದೆ. ಇಂಥ ನೂರು ಬೆಟ್ ಕಟ್ಟಿ ಐವತ್ತು ಗೆದ್ದಿರಿ ಅನ್ನೋಣ. ಹಾಕಿದ್ದು 1000 ಪೌಂಡ್, ಬಂದದ್ದು 955. ಅರ್ಧಕ್ಕರ್ಧ ಗೆದ್ದರೂ 45 ಪೌಂಡ್ ಹೋಯಿತು. ಅದೇ ಬೆಟ್ಟಿಗೆ ಬೇರೆ ಬುಕ್ಕಿಯ ಹತ್ತಿರ 2.00 ಸಿಕ್ಕಿದ್ದರೆ ಲಾಭ ನಷ್ಟ ಎರಡೂ ಇಲ್ಲ. 2.05 ಸಿಕ್ಕಿದ್ದರೆ 25 ಪೌಂಡ್ ಉಳಿಯುತ್ತಿತ್ತು. ತರಕಾರಿಗೆ ನಾಲ್ಕು ಅಂಗಡಿ ಸುತ್ತುವ ಹಾಗೆ ದರಕ್ಕೂ ಸುತ್ತಬೇಕು ಅನ್ನೋದು ಇದಕ್ಕೇ.

ಇನ್ನು ದರದ ಓಡಾಟ. ಬುಧವಾರ 2.10 ಇದ್ದದ್ದು ಶನಿವಾರ ಮಧ್ಯಾಹ್ನ 1.90 ಆಯಿತು ಅನ್ನಿ. ಮೊದಲು ಸುದ್ದಿ ನೋಡಿ: ಗೋಲ್‌ಕೀಪರ್‌ಗೆ ಗಾಯವಾಗಿದ್ದರೆ ಕಾರಣ ಎಲ್ಲರಿಗೂ ಗೊತ್ತಿರುವುದೇ. ಸುದ್ದಿ ಏನೂ ಇಲ್ಲದಿದ್ದರೆ, ಎಲ್ಲಿ ಮೊದಲು ಇಳಿಯಿತು ನೋಡಿ. ಪಿನಾಕಲ್‌ನಂಥ ದೊಡ್ಡ ಮೊತ್ತ ತೆಗೆದುಕೊಳ್ಳುವ ಬುಕ್ಕಿ, ಬೆಟ್‌ಫೇರ್ ಎಕ್ಸ್‌ಚೇಂಜ್, ಇವೆರಡರಲ್ಲಿ ಮೊದಲು ಇಳಿದು, ಆಮೇಲೆ ಉಳಿದವರು ಒಬ್ಬರ ಹಿಂದೆ ಒಬ್ಬರು ಇಳಿಸಿದರೆ, ಲೆಕ್ಕ ಬಲ್ಲವರ ದುಡ್ಡು ಬಿದ್ದಿದೆ ಅಂತ ಊಹಿಸಬಹುದು. ಒಬ್ಬನೇ ಬುಕ್ಕಿ ಇಳಿಸಿದ್ದರೆ, ಅವನ ಹತ್ತಿರ ಆ ಕಡೆಗೆ ಬೆಟ್ ಜಾಸ್ತಿಯಾಗಿರಬಹುದು, ಅಷ್ಟೇ. ದೊಡ್ಡ ತಂಡಗಳ ಮೇಲೆ ಅಭಿಮಾನಿಗಳ ದುಡ್ಡೂ ದರ ಇಳಿಸುತ್ತದೆ. ಅದು ತಿಳಿದವರ ದುಡ್ಡಲ್ಲ.

ದರ ಇಳಿದದ್ದು ಕಂಡ ಮೇಲೆ ಹಿಂದೆ ಓಡಿದರೆ ಏನು ಸಿಗುತ್ತೆ? ಬಲ್ಲವರು 2.10ಕ್ಕೆ ಕೊಂಡದ್ದನ್ನು ನೀವು 1.90ಕ್ಕೆ ಕೊಳ್ಳುತ್ತೀರಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಇನ್ನೂ 2.10ರಲ್ಲೇ ನಿಂತಿರುವ ಬುಕ್ಕಿ ಸಿಕ್ಕರೆ ಮಾತ್ರ ಅದರಲ್ಲಿ ಹುರುಳಿದೆ. ಹಾಗೆ ಪದೇ ಪದೇ ಹಿಡಿಯುವವರ ಖಾತೆಗೆ ಇಲ್ಲಿನ ಹಲವು ಬುಕ್ಕಿಗಳು ಮಿತಿ ಹಾಕುತ್ತಾರೆ. ಹತ್ತು ಪೌಂಡ್ ಕೇಳಿದರೆ ಒಂದೆರಡು ಪೌಂಡಿಗೆ ಮಾತ್ರ ಒಪ್ಪುತ್ತಾರೆ.

ಆದ್ದರಿಂದ ಒಂದು ನೋಟ್‌ಬುಕ್ ಇಡಿ. ಪ್ರತಿ ಬೆಟ್ಟಿಗೂ ನೀವು ಪಡೆದ ದರ, ಪಂದ್ಯ ಶುರುವಾಗುವ ಹೊತ್ತಿನ ದರ, ಎರಡನ್ನೂ ಪಕ್ಕಪಕ್ಕ ಬರೆಯಿರಿ. ನೂರು ಬೆಟ್ ಆದ ಮೇಲೆ ನೋಡಿ. ನಿಮ್ಮದು ಹೆಚ್ಚಿನ ಸಲ 2.00 ಇದ್ದು, ಕೊನೆಗೆ 2.10ಕ್ಕೆ ಏರಿದ್ದರೆ, ಬಲ್ಲವರ ದುಡ್ಡು ನಿಮ್ಮ ಎದುರು ಕಡೆಗೆ ಹೋಗಿದೆ ಅಂತ ಅರ್ಥ. ನಡುವೆ ನಾಲ್ಕು ಬೆಟ್ ಗೆದ್ದಿದ್ದರೂ ಅದು ಅದೃಷ್ಟ. ಆಗ ನಿಲ್ಲಿಸೋದೇ ಲೆಕ್ಕ. ನಿಲ್ಲಿಸೋಕೆ ಕೈ ಬರದಿದ್ದರೆ ಗ್ಯಾಮ್‌ಸ್ಟಾಪ್‌ನಲ್ಲಿ ಹೆಸರು ಬರೆಸಿ. ದುಡ್ಡು ಕೊಡಬೇಕಿಲ್ಲ; ಬ್ರಿಟನ್ನಿನಲ್ಲಿ ಪರವಾನಗಿ ಇರುವ ಆನ್‌ಲೈನ್ ಬುಕ್ಕಿಗಳೆಲ್ಲರೂ ನಿಮಗೆ ಬಾಗಿಲು ಮುಚ್ಚಬೇಕು.